ಐವತ್ತು ಮೀಟರ್ ವಾಚು, ಒಂದು ಬಕೆಟ್ ಬಿಸಿನೀರು

"ಸಂಪಾದಕರೇ, ವಾಚು ತಗೊಂಡು ಎಂಟು ತಿಂಗಳಾಯ್ತು. ಹಿಂದುಗಡೆ 50 ಮೀಟರ್ ವಾಟರ್ ರೆಸಿಸ್ಟೆಂಟ್ ಅಂತ ಕೆತ್ತಿದೆ. ಈಜೋಕೆ ಹೋದವನಲ್ಲ, ಸ್ನಾನಕ್ಕೆ ಬಿಚ್ಚುತ್ತಿರಲಿಲ್ಲ ಅಷ್ಟೇ. ಈಗ ಗಾಜಿನ ಒಳಗೆ ಮಂಜು. ಸರ್ವಿಸ್ ಸೆಂಟರ್‌ನವರು ಇದು ವಾರಂಟಿಗೆ ಬರಲ್ಲ, 1,800 ರೂಪಾಯಿ ಆಗುತ್ತೆ ಅಂದರು. ಬೆಲ್ಟು ಹರಿದದ್ದಕ್ಕೂ ಬರಲ್ವಂತೆ. ನಡುವೆ ಸೆಲ್ ಮುಗಿದಾಗ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಹಾಕಿಸಿದ್ದೆ, ಅದು ಬಿಟ್ರೆ ಯಾರೂ ಮುಟ್ಟಿಲ್ಲ. ಹಾಗಾದ್ರೆ ಎರಡು ವರ್ಷದ ವಾರಂಟಿ ಯಾವುದಕ್ಕೆ?"
— ಓದುಗರೊಬ್ಬರು, ಶಿವಮೊಗ್ಗ

ಒಳಗಿನ ಯಂತ್ರಕ್ಕೆ. ಅದೂ ಕಾರ್ಖಾನೆಯಿಂದಲೇ ಬಂದ ದೋಷಕ್ಕೆ ಮಾತ್ರ. ಕೆಲವು ಕಂಪನಿಗಳು ಡಯಲ್ಲು, ಮುಳ್ಳುಗಳನ್ನೂ ಸೇರಿಸುತ್ತವೆ. ಸೆಲ್ಲು, ಬೆಲ್ಟು, ಗಾಜು, ಮೇಲಿನ ಲೇಪನ ಎಲ್ಲ ಸಾಮಾನ್ಯವಾಗಿ ಹೊರಗೆ. ವಾರಂಟಿ ಕಾರ್ಡಿನ ಹಿಂದೆ ಸಣ್ಣಕ್ಷರದಲ್ಲಿ ಇದೇ ಇರುತ್ತೆ, ಅಂಗಡಿಯವರು ಸೀಲ್ ಹಾಕಿ ಕೊಡುವಾಗ ಯಾರೂ ತಿರುಗಿಸಿ ನೋಡಲ್ಲ.

ನಿಮ್ಮ ಪತ್ರ ಓದುವಾಗ ನನಗೆ ಸ್ನಾನಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿ. ಆದರೆ ಮೊದಲು ನೀರಿನ ಲೆಕ್ಕ ಮುಗಿಸೋಣ.

50 ಮೀಟರ್ ಅಂದರೆ ಅಷ್ಟು ಆಳಕ್ಕೆ ಇಳಿಯಬಹುದು ಅಂತಲ್ಲ. ಐವತ್ತು ಮೀಟರ್ ಆಳದ ನೀರಿಗೆ ಎಷ್ಟು ಒತ್ತಡ ಇರುತ್ತೋ ಅಷ್ಟನ್ನು ಹೊಸ ವಾಚು ಪರೀಕ್ಷೆಯಲ್ಲಿ ತಡೆದಿದೆ ಅಂತ ಅರ್ಥ. ಆಗ ವಾಚು ಅಲುಗಾಡಲ್ಲ, ನೀರು ಕುದಿಯಲ್ಲ, ಸೋಪೂ ಇರಲ್ಲ. ನಿಜ ಜೀವನದಲ್ಲಿ 30 ಮೀಟರ್ ಅಂತ ಬರೆದದ್ದು ಕೈ ತೊಳೆಯೋಕೆ, ಮಳೆ ಹನಿಗೆ. 50 ಅಂದರೆ ತಣ್ಣೀರಲ್ಲಿ ಸ್ವಲ್ಪ ಈಜಬಹುದು. ನಿಶ್ಚಿಂತೆಯಿಂದ ಈಜೋಕೆ 100 ಬೇಕು. ಬಿಸಿನೀರಿನ ಸ್ನಾನಕ್ಕೆ ಇದರಲ್ಲಿ ಯಾವುದೂ ಭರವಸೆ ಕೊಡಲ್ಲ.

ಯಾಕೆ ಅಂದ್ರೆ ನೀರನ್ನು ತಡೆಯುವುದು ಉಕ್ಕಲ್ಲ, ರಬ್ಬರ್. ಹಿಂದಿನ ಮುಚ್ಚಳದ ಅಂಚಲ್ಲಿ ಒಂದು ತೆಳ್ಳಗಿನ ವಾಷರ್, ಕೀ ಒಳಗೆ ಹೋಗುವಲ್ಲಿ ಇನ್ನೊಂದು, ಗಾಜಿನ ಸುತ್ತ ಇನ್ನೊಂದು. ಬಿಸಿನೀರು ಬಿದ್ದಾಗ ಲೋಹ, ಗಾಜು, ರಬ್ಬರ್ ಮೂರೂ ಒಂದೇ ಪ್ರಮಾಣದಲ್ಲಿ ಹಿಗ್ಗಲ್ಲ, ಹಾಗಾಗಿ ಹಿಡಿತ ಸ್ವಲ್ಪ ಸಡಿಲವಾಗುತ್ತೆ. ಒಳಗಿನ ಗಾಳಿಯೂ ಬಿಸಿಯಾಗಿ ಒಂದಿಷ್ಟು ಹೊರಗೆ ಹೋಗುತ್ತೆ. ಸ್ನಾನ ಮುಗಿಸಿ ಫ್ಯಾನ್ ಕೆಳಗೆ ನಿಂತಾಗ ವಾಚು ತಣ್ಣಗಾಗಿ ಗಾಳಿಯನ್ನು ವಾಪಸ್ ಎಳೆಯುತ್ತೆ, ಆ ಗಾಳಿಯ ಜೊತೆ ತೇವವೂ ಒಳಗೆ. ಸೋಪಿನ ನೀರಂತೂ ಬರೀ ನೀರು ನುಗ್ಗದ ಸಂದಿಗೂ ನುಗ್ಗುತ್ತೆ. ಒಂದು ದಿನಕ್ಕೆ ಏನೂ ಕಾಣಲ್ಲ. ಎಂಟು ತಿಂಗಳು ದಿನಾ ಹೀಗಾದರೆ ಮಂಜು ಕಟ್ಟುವುದು ಆಶ್ಚರ್ಯವೇನಲ್ಲ.

ಈಗ ಆ ಅಂಗಡಿಗೆ ಬರೋಣ. ಅಲ್ಲಿ ಏನಾಗಿರುತ್ತೆ ಅಂದರೆ, ಅಂಚಿನ ಸಂದಿಗೆ ಒಂದು ಚಪ್ಪಟೆ ಬ್ಲೇಡು ತೂರಿಸಿ ಮುಚ್ಚಳ ಎಬ್ಬಿಸುತ್ತಾರೆ, ಹಳೇ ಸೆಲ್ ತೆಗೆದು ಹೊಸದು ಕೂರಿಸುತ್ತಾರೆ, ಹೆಬ್ಬೆರಳಲ್ಲಿ ಟಕ್ ಅಂತ ಒತ್ತಿ ಮುಚ್ಚುತ್ತಾರೆ. ಐದು ನಿಮಿಷದ ಕೆಲಸ. ಆ ವಾಷರ್ ತನ್ನ ಜಾಗದಿಂದ ಒಂದು ಎಳೆಯಷ್ಟು ಸರಿದಿದ್ದರೂ ಮುಚ್ಚಳದ ಕೆಳಗೆ ಚಪ್ಪಟೆಯಾಗಿ ನಜ್ಜಿಹೋಗುತ್ತೆ, ಅಲ್ಲಿಂದ ನೀರಿಗೆ ದಾರಿ. ಸರಿಯಾಗಿ ಮಾಡುವವರು ವಾಷರ್ ನೋಡಿ, ಹಳತಾಗಿದ್ದರೆ ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿ, ಮುಚ್ಚಿದ ಮೇಲೆ ಒತ್ತಡದ ಪರೀಕ್ಷೆ ಮಾಡುತ್ತಾರೆ. ಆ ಅಂಗಡಿಯವನ ಹತ್ತಿರ ಅದರ ಮೆಷಿನ್ ಇರಲಿಕ್ಕಿಲ್ಲ, ನೀವೂ ಕೇಳಿರಲ್ಲ. ಇದೂ ಅಲ್ಲದೆ, ಕಂಪನಿ ಒಪ್ಪದವರು ಮುಚ್ಚಳ ತೆಗೆದರೆ ವಾರಂಟಿ ಅಲ್ಲಿಗೇ ಮುಗಿಯಿತು ಅಂತ ಬಹುತೇಕ ಕಾರ್ಡುಗಳಲ್ಲಿ ಬರೆದಿರುತ್ತೆ. ಬ್ಲೇಡಿನ ಗೀರು ಅಂಚಲ್ಲೇ ಇರುತ್ತೆ, ಅವರಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಸೆಲ್ ವಿಷಯದಲ್ಲೇ ನೀವು ಒಂದು ಅವಕಾಶ ಕಳಕೊಂಡಿರಿ ಅನಿಸುತ್ತೆ. ಸೆಲ್ಲಿಗೆ ವಾರಂಟಿ ಕೊಡದಿರಲು ಕಾರಣ ಇದೆ, ಅದನ್ನು ಕಾರ್ಖಾನೆಯಲ್ಲೇ ಹಾಕಿರುತ್ತಾರೆ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದಾಗಲೂ ಅದು ಸವೆಯುತ್ತಲೇ ಇರುತ್ತೆ. ಆದರೆ ಹೊಸದಾಗಿ ಹಾಕಿದ ಸೆಲ್ಲೂ ಮೂರು ನಾಲ್ಕು ತಿಂಗಳಿಗೆ ಮುಗಿದರೆ ತಪ್ಪು ಹೆಚ್ಚಾಗಿ ಸೆಲ್ಲಿನದಲ್ಲ, ಯಂತ್ರವೇ ಜಾಸ್ತಿ ಕರೆಂಟ್ ಎಳೀತಿರಬಹುದು. ಅದು ವಾರಂಟಿಗೆ ಬರಬೇಕಾದ ದೋಷ. ಮೊದಲ ಸಲವೇ ಸರ್ವಿಸ್ ಸೆಂಟರ್‌ಗೆ ಹೋಗಿ ಕರೆಂಟ್ ಎಷ್ಟು ಎಳೀತಿದೆ ಅಳೆದು ನೋಡಿ ಅಂದಿದ್ದರೆ ಈ ಎರಡೂ ತಾಪತ್ರಯ ಇರುತ್ತಿರಲಿಲ್ಲ.

ಬೆಲ್ಟಿನ ಬಗ್ಗೆ ಜಗಳ ಬೇಡ. ಚರ್ಮದ ಬೆಲ್ಟು ಬೆವರು, ನೀರು ಕುಡಿದು ಹರಿಯುತ್ತೆ, ಸ್ನಾನಕ್ಕೂ ಕಟ್ಟಿಕೊಂಡರೆ ಇನ್ನೂ ಬೇಗ. ತಗೊಂಡ ವಾರದಲ್ಲೇ ಹೊಲಿಗೆ ಬಿಟ್ಟಿದ್ದರೆ ಅಂಗಡಿಯವರನ್ನೇ ಕೇಳಬಹುದಿತ್ತು.

ಬೀಳುವುದು, ತಾಗುವುದು ಇದೆಯಲ್ಲ, ಅಲ್ಲಿ ನನಗೂ ಪಾಠ ಆಗಿದೆ. ನನ್ನ ವಾಚು ಒಮ್ಮೆ ಅಡುಗೆಮನೆಯ ನೆಲಕ್ಕೆ ಬಿತ್ತು. ಗಾಜಿಗೆ ಗೀರೂ ಆಗಲಿಲ್ಲ, ಆದರೆ ನಿಮಿಷದ ಮುಳ್ಳು ಸಡಿಲವಾಗಿ ಆರು ಗಂಟೆ ಕಡೆಗೆ ಜೋತುಬಿತ್ತು. ಸರ್ವಿಸ್ ಕೌಂಟರಿನಲ್ಲಿ "ಸುಮ್ನೆ ಕೈಯಲ್ಲಿತ್ತು, ತಾನಾಗೇ ಹೀಗಾಯ್ತು" ಅಂದೆ. ಆ ಹುಡುಗ ಏನೂ ಮಾತಾಡದೆ ಭೂತಗನ್ನಡಿ ಕೊಟ್ಟು, ಕೀ ಪಕ್ಕದ ಅಂಚಲ್ಲಿ ಸಾಸಿವೆ ಕಾಳಷ್ಟು ತಗ್ಗು ತೋರಿಸಿದ. ದುಡ್ಡು ಕೊಟ್ಟು ಬಂದೆ. ಅಂಥ ತಗ್ಗು ಎಲ್ಲೂ ಇಲ್ಲದೆ ಮುಳ್ಳು ಕಳಚಿದರೆ ಮಾತ್ರ ಬಿಡಬೇಡಿ, ಜೋಡಿಸುವಾಗಲೇ ಸರಿಯಾಗಿ ಕೂರಿಸಿಲ್ಲ ಅಂತ ವಾದ ಮಾಡಬಹುದು.

ನೀರಿನ ವಿಷಯದಲ್ಲೂ ವಾದಕ್ಕೆ ಜಾಗ ಇರುವ ಸಂದರ್ಭ ಉಂಟು. ಮುಚ್ಚಳ ಯಾರೂ ತೆಗೆದಿಲ್ಲ, ಕೀ ಒತ್ತಿಯೇ ಇತ್ತು, ಎಲ್ಲೂ ತಾಗಿದ ಗುರುತಿಲ್ಲ, ಕೈ ತೊಳೆದದ್ದಷ್ಟೇ, ಆದರೂ ಮೊದಲ ವಾರಗಳಲ್ಲೇ ಮಂಜು ಬಂತು ಅಂದರೆ ಅದು ಕಾರ್ಖಾನೆಯ ತಪ್ಪೇ. ಹಾಗಿದ್ದಾಗ ವಾಚು ಕೊಡುವ ಮೊದಲು ಎಲ್ಲ ಬದಿಯ ಫೋಟೋ ತೆಗೆದಿಡಿ, ಹಿಂದಿನ ಅಂಚಿನದ್ದಂತೂ ಬೇಕೇ ಬೇಕು. ವಾಚಿನ ಸ್ಥಿತಿಯನ್ನು ಜಾಬ್ ಶೀಟಿನಲ್ಲಿ ಬರೆಸಿ. ಮುಚ್ಚಳ ತೆಗೆದ ಮೇಲೆ ತುಕ್ಕು ಎಲ್ಲಿದೆ ಅಂತ ಫೋಟೋ ಕೇಳಿ. ಕೀ ಕಡ್ಡಿಯ ಸುತ್ತ ಇದ್ದರೆ ನೀರು ಹೆಚ್ಚಾಗಿ ಕೀ ಕಡೆಯಿಂದ ಬಂದಿದೆ, ಮುಚ್ಚಳದ ಅಂಚಲ್ಲಿದ್ದರೆ ಹಿಂದಿನಿಂದ. ಆಗಲ್ಲ ಅಂದರೆ ಕಾರಣವನ್ನು ಬರಹದಲ್ಲೇ ಕೊಡಿ ಅನ್ನಿ. ಆ ಕಾರಣ ಒಪ್ಪುವಂಥದ್ದಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಎರಡು ವರ್ಷದೊಳಗೆ ದೂರು ಕೊಡಬೇಕು.

ನಿಮ್ಮ ವಾಚಿಗೆ ಈ ದಾರಿ ಹಿಡಿಯಿರಿ ಅಂತ ನಾನು ಹೇಳಲ್ಲ. ಸ್ನಾನವೂ ಇದೆ, ಬ್ಲೇಡಿನ ಗೀರೂ ಇದೆ, ನಿಲ್ಲೋದು ಕಷ್ಟ. ಬದಲಿಗೆ ಆ 1,800ರಲ್ಲಿ ಏನೇನು ಸೇರಿದೆ ಕೇಳಿ. ಹೊಸ ಯಂತ್ರ, ಹೊಸ ವಾಷರ್‌ಗಳು, ಒತ್ತಡದ ಪರೀಕ್ಷೆ ಮೂರೂ ಇದ್ದರೆ, ವಾಚಿನ ಬೆಲೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇದ್ದರೆ, ಮಾಡಿಸಿ. ಬರೀ ಒಣಗಿಸಿ ಕ್ಲೀನ್ ಮಾಡುತ್ತೇವೆ ಅಂದರೆ ಅಷ್ಟು ಕೊಡಬೇಡಿ. ಅಕ್ಕಿ ಡಬ್ಬದಲ್ಲಿ ಹೂತಿಡುವುದು, ಬಿಸಿಲಿಗೆ ಇಡುವುದು ಬೇಡ. ಮುಚ್ಚಳ ತೆಗೆಯದೆ ಒಳಗಿನ ತೇವ ಪೂರ್ತಿ ಹೋಗಲ್ಲ, ತುಕ್ಕು ಅಂತೂ ಕಾಯಲ್ಲ. ಇನ್ನೂ ಮಂಜು ಕಾಣುತ್ತಿದ್ದರೆ ಸಂಜೆಯೊಳಗೆ ಯಾರಾದರೂ ತಿಳಿದವರ ಕೈಯಲ್ಲಿ ಮುಚ್ಚಳ ತೆಗೆಸಿ ಒಣಗಿಸಿ, ರೇಟಿನ ಮಾತು ಆಮೇಲೆ.