ಗಾಳಿ ತಿರುಗಿದ ಮಾತ್ರಕ್ಕೆ ಒತ್ತಡ ನಿಲ್ಲದು

“ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗಂಟೆಗೆ 20 ಬಾರಿ ಗಾಳಿ ಬದಲಾದರೆ ಬೇಕಾದ ಒತ್ತಡ ತಾನಾಗಿಯೇ ಉಂಟಾಗುತ್ತದೆ. ಕೊಠಡಿ, ಸಿದ್ಧತಾ ಕೋಣೆ, ಕಾರಿಡಾರ್, ಎಲ್ಲ ಕಡೆಯೂ 15 ಪ್ಯಾಸ್ಕಲ್ ಕಾಯ್ದುಕೊಳ್ಳಬೇಕು. ಈ ಲೇಖನ ಪ್ರಕಟಣೆಗೆ ಯೋಗ್ಯವೇ ಎಂದು ತಿಳಿಸಿ.”

ಮಾನ್ಯರೇ,

ನಿಮ್ಮ ಭಾಷೆ ತಿಳಿಯಾಗಿದೆ, ಫಿಲ್ಟರ್‌ಗಳ ಭಾಗವೂ ಚೆನ್ನಾಗಿದೆ. ಆದರೆ ‘ತಾನಾಗಿಯೇ’ ಎಂಬ ಆ ಒಂದು ಪದವನ್ನು ದಾಟಿ ಮುಂದೆ ಓದಲು ನನ್ನಿಂದ ಆಗಲಿಲ್ಲ.

ನಿಮ್ಮ ಉದಾಹರಣೆಯ ಕೊಠಡಿ 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ್ದು, ಅಂದರೆ 108 ಘನ ಮೀಟರ್. ಗಂಟೆಗೆ 20 ಬಾರಿ ಎಂದರೆ 2,160 ಘನ ಮೀಟರ್ ಗಾಳಿ ಒಳಬರಬೇಕು. ಅಷ್ಟನ್ನೂ ರಿಟರ್ನ್ ಜಾಲರಿಯಿಂದ ಮರಳಿ ಎಳೆದುಕೊಂಡರೆ ಗಾಳಿ ಸೊಗಸಾಗಿ ತಿರುಗುತ್ತದೆ, ಒತ್ತಡ ಮಾತ್ರ ಸೊನ್ನೆ. ಆ 2,160ರಲ್ಲಿ 432 ಘನ ಮೀಟರ್, ಅಂದರೆ ಗಂಟೆಗೆ 4 ಬಾರಿಯಷ್ಟು, ಹೊರಗಿನ ತಾಜಾ ಗಾಳಿಯಾಗಿದ್ದು, ರಿಟರ್ನ್ 1,728ಕ್ಕೆ ನಿಂತರೆ, ಉಳಿದ 432 ಬಾಗಿಲಿನ ಸಂದುಗಳಿಂದಲೇ ಹೊರಗೆ ನುಸುಳಬೇಕಾಗುತ್ತದೆ. ಹಾಗೆ ನುಸುಳಲು ಬೇಕಾಗುವ ನೂಕನ್ನೇ ನಾವು ಒತ್ತಡವೆಂದು ಅಳೆಯುತ್ತೇವೆ. ಸಂದುಗಳೆಲ್ಲ ಸೇರಿ 400 ಚದರ ಸೆಂಟಿಮೀಟರ್ ಇದ್ದರೆ ಅದು ಸುಮಾರು 13 ಪ್ಯಾಸ್ಕಲ್ ಆಗುತ್ತದೆ. ಬಾಗಿಲಿನ ರಬ್ಬರ್ ಹರಿದು ಸಂದು ಇಮ್ಮಡಿಯಾದರೆ ಒತ್ತಡ ಅರ್ಧಕ್ಕಲ್ಲ, ಕಾಲು ಭಾಗಕ್ಕೆ, 3ರ ಆಸುಪಾಸಿಗೆ ಇಳಿಯುತ್ತದೆ.

ಕೆಲಸ ಕಲಿಯುವಾಗ ನಾನೂ ಹೀಗೆಯೇ ಎಡವಿದ್ದೆ. ವಿಜಯಪುರದ ಒಂದು ಆಸ್ಪತ್ರೆಯಲ್ಲಿ, ಏಪ್ರಿಲ್‌ನ ಬಿರುಬಿಸಿಲಿನ ಮಧ್ಯಾಹ್ನ, ಚಾವಣಿಯಿಂದ ಇಳಿಯುವ ಗಾಳಿಯನ್ನು ಅಳೆದು “20 ಬಾರಿ, ಸರಿ” ಎಂದು ಬರೆದುಕೊಂಡೆ. ನಮ್ಮ ಹಿರಿಯ ಸಾಹೇಬರು ಏನೂ ಹೇಳದೆ, ಕಾರಿಡಾರಿನ ಕಡೆ ನಿಂತು, ಮುಚ್ಚಿದ ಬಾಗಿಲಿನ ಅಡಿಗೆ ಊದಿನಕಡ್ಡಿ ಹಿಡಿದರು. ಹೊಗೆ ಸದ್ದಿಲ್ಲದೆ ಒಳಗೆ ಹೋಯಿತು. ಮಾಳಿಗೆ ಹತ್ತಿ ನೋಡಿದರೆ, ಧೂಳು ಬರುತ್ತದೆ, ತಂಪು ಸಾಲುತ್ತಿಲ್ಲ ಎಂದು ಯಾರೋ ತಾಜಾ ಗಾಳಿಯ ಕಿಂಡಿಗೆ ಗೋಣಿಚೀಲ ಕಟ್ಟಿದ್ದರು. ಒಳಗಿನ ಗಾಳಿಯೇ ಸುತ್ತುತ್ತಿದ್ದರಿಂದ ನನ್ನ ಅಳತೆ ಕೆಡಲಿಲ್ಲ; ಪಕ್ಕದ ಉಪಕರಣ ತೊಳೆಯುವ ಕೋಣೆಯ ಎಕ್ಸಾಸ್ಟ್ ಫ್ಯಾನ್ ಮಾತ್ರ ಎಳೆಯುತ್ತಲೇ ಇತ್ತು, ಆ ಕೊರತೆಯನ್ನು ಕಾರಿಡಾರಿನ ಗಾಳಿ ತುಂಬುತ್ತಿತ್ತು. “ಎಷ್ಟ ತಿರಗತೈತಿ ಅಂತ ಹೇಳಬ್ಯಾಡೋ ತಮ್ಮಾ, ಎಷ್ಟ ಹೊಸಾದ ಬರತೈತಿ ಅದನ್ನ ಹೇಳು” ಎಂದರು ಸಾಹೇಬರು.

ಇನ್ನು ಎರಡನೆಯ ವಾಕ್ಯ. 15 ಪ್ಯಾಸ್ಕಲ್, ಯಾವುದಕ್ಕೆ ಹೋಲಿಸಿದರೆ? ಎಲ್ಲ ಕಡೆಯೂ 15 ಇದ್ದರೆ ನಡುವಿನ ಬಾಗಿಲಿನಲ್ಲಿ ವ್ಯತ್ಯಾಸವೇ ಇಲ್ಲ, ಗಾಳಿಗೆ ದಿಕ್ಕೂ ಇಲ್ಲ. ಹೊರ ಕಾರಿಡಾರನ್ನು ಸೊನ್ನೆ ಎಂದಿಟ್ಟುಕೊಂಡು, ಸಿದ್ಧತಾ ಕೋಣೆಗೆ 8, ಕೊಠಡಿಗೆ 16 ಎಂದು ಮೆಟ್ಟಿಲು ಕಟ್ಟಿ. ಬಳಸಿದ ಉಪಕರಣಗಳ ಕೋಣೆ ಸೊನ್ನೆಗಿಂತ ಕೆಳಗಿರಲಿ. ಆಸ್ಪತ್ರೆಗಳ ಗಾಳಿ ವ್ಯವಸ್ಥೆಗೆಂದು ಅಮೆರಿಕದ ಆಶ್ರೇ ಸಂಸ್ಥೆ ರೂಪಿಸಿರುವ 170 ಮಾನದಂಡ ಕೇಳುವುದು ಕನಿಷ್ಠ 2.5 ಪ್ಯಾಸ್ಕಲ್ ಅಷ್ಟೇ, ಆದರೆ ಅಷ್ಟು ಸಣ್ಣ ಅಂತರ ಸಡಿಲ ಬಾಗಿಲಿಗೇ ಕರಗಿಹೋಗುತ್ತದೆ. ಬಾಗಿಲು ಪೂರ್ತಿ ತೆರೆದಾಗಲಂತೂ ಯಾವ ಮೆಟ್ಟಿಲೂ ಉಳಿಯದು, ಅದನ್ನೂ ಬರೆಯಿರಿ.

ಈ ಎರಡು ವಾಕ್ಯಗಳನ್ನು ತಿದ್ದಿ, ಪ್ರತಿ ಬಾಗಿಲಿಗೂ ಗಾಳಿಯ ದಿಕ್ಕಿನ ಬಾಣ ಹಾಕಿದ ಒಂದು ನಕ್ಷೆಯೊಡನೆ ಲೇಖನವನ್ನು ಬೆಳಗಾವಿಯ ನಮ್ಮ ಕಚೇರಿಗೆ ಮತ್ತೆ ಕಳುಹಿಸಿ.