ಕಿಟಕಿ ಸೀಟಿನ ಜಗಳ ಎಲ್ಲಿ ಮುಗಿಯಬೇಕು?

“ರೈಲಿನಲ್ಲಿ ನನಗಾದ ಫಜೀತಿಯನ್ನು ಬಾಯಲ್ಲಿ ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಬರೆದುಕೊಟ್ಟರೆ ಮನೆಯವರೇ ಆಕಳಿಸುತ್ತಾರೆ. ನಾಲ್ಕು ಪುಟ ಕಳಿಸಿದ್ದೇನೆ. ಎಲ್ಲಿ ಶುರು ಮಾಡಬೇಕಿತ್ತು, ಎಲ್ಲಿ ನಿಲ್ಲಿಸಬೇಕಿತ್ತು?”
— ಓದುಗರೊಬ್ಬರು

ಮೇಡಂ, ನಿಮ್ಮ ಬರಹದಲ್ಲಿ ನೀವು ರೈಲು ಹತ್ತುವ ಹೊತ್ತಿಗೆ ಒಂದೂವರೆ ಪುಟ ಮುಗಿದಿರುತ್ತದೆ. ಬಟ್ಟೆ ಜೋಡಿಸಿದ್ದು, ಮಳೆ ಬಂದದ್ದು, ಅಲಾರಾಂ ಕೈಕೊಟ್ಟದ್ದು ಯಾವುದೂ ಮುಂದಿನ ಜಗಳಕ್ಕೆ ಬೇಕಾಗುವುದಿಲ್ಲ. ಎರಡನೇ ಪುಟದ ನಡುವೆ “ಏಳಿ, ಇದು ನನ್ನ ಸೀಟು” ಎಂದು ಆ ಹಿರಿಯರಿಗೆ ಹೇಳುತ್ತೀರಲ್ಲ, ಅದೇ ಮೊದಲ ವಾಕ್ಯ.

ಆದರೆ ಆಕಳಿಕೆಗೆ ಕಾರಣ ಬೇರೆ ಇದೆ. “ಮರುದಿನದ ಟಿಕೆಟ್ ಹಿಡಿದು ರೈಲು ಹತ್ತಿದ ಪೆದ್ದಿ ನಾನು” ಎಂದು ಮೊದಲ ಸಾಲಿನಲ್ಲೇ ಗುಟ್ಟು ಬಿಟ್ಟುಕೊಟ್ಟಿದ್ದೀರಿ. ಎದುರಿಗೆ ಕೂತು ಹೇಳುವಾಗ ಅದು ನಡೆಯುತ್ತದೆ, ನಿಮ್ಮ ಮುಖ, ದನಿ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಕಾಗದದಲ್ಲಿ ಆ ಕೆಲಸವನ್ನು ವಾಕ್ಯಗಳ ಸರದಿಯೇ ಮಾಡಬೇಕು. ಹಾಗೆಂದು ಓದುಗರಿಗೆ ಮೋಸ ಮಾಡುವಂತಿಲ್ಲ, ಟಿಕೆಟ್ ಅವರ ಕಣ್ಣೆದುರೇ ಇರಬೇಕು. ಸೀಟಿನ ಸಂಖ್ಯೆಯ ಮೇಲೆ ಬೆರಳಿಟ್ಟು ತೋರಿಸಿದೆ ಎಂದು ನೀವೇ ಬರೆದಿದ್ದೀರಿ, ಅಷ್ಟು ಸಾಕು. ಓದುಗರೂ ಬೆರಳಿಟ್ಟ ಕಡೆಯಷ್ಟೇ ನೋಡುತ್ತಾರೆ, ದಿನಾಂಕದತ್ತ ಕಣ್ಣು ಹೋಗುವುದಿಲ್ಲ.

ಆ ಹಿರಿಯರ ಟಿಕೆಟಿನಲ್ಲೂ ಅದೇ ಬೋಗಿ, ಅದೇ ಸಂಖ್ಯೆ. ಪಾಪ, ಅವರು ಎದ್ದು ನಿಂತರು. ನೀವು ಒಂದೇ ಸೀಟನ್ನು ಇಬ್ಬರಿಗೆ ಮಾರುವ ಆಡಳಿತದ ಬಗ್ಗೆ ಇಡೀ ಬೋಗಿಗೆ ಭಾಷಣ ಕೊಟ್ಟಿರಿ. ಇಂಥ ಭಾಗ್ಯ ಎಲ್ಲ ಲೇಖಕರಿಗೂ ಸಿಗುವುದಿಲ್ಲ, ನೀವೋ ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ! ಮಳೆಗೆ ಕೊಟ್ಟ ಜಾಗವನ್ನು ಇದಕ್ಕೆ ಕೊಡಿ. ಏನೇನು ಅಂದಿರಿ, ಯಾರು ತಲೆಯಾಡಿಸಿದರು, ಎಲ್ಲ ಬರಲಿ. ಇಲ್ಲಿ ನಾಚಿಕೊಳ್ಳಬೇಡಿ, ಆಗ ನಿಮಗಿದ್ದ ಜಂಬವನ್ನೇ ಉಳಿಸಿ. ನಿಮ್ಮನ್ನು ನೀವೇ ಮೊದಲು ಬೈದುಕೊಂಡರೆ ಓದುಗರಿಗೆ ನಗಲು ಏನೂ ಉಳಿಯುವುದಿಲ್ಲ.

ಇನ್ನು ಕೊನೆ. ದಂಡದ ಲೆಕ್ಕ, “ಅಂದಿನಿಂದ ಟಿಕೆಟನ್ನು ಎರಡು ಸಲ ನೋಡುತ್ತೇನೆ” ಎಂಬ ನೀತಿ ಎರಡನ್ನೂ ತೆಗೆಯಿರಿ. ಟಿಕೆಟ್ ಪರೀಕ್ಷಕರ “ಇದು ನಾಳೆಯದಮ್ಮ” ಎಂಬ ಮಾತಿನಲ್ಲೇ ನಿಲ್ಲಿಸಬಹುದು ಅನ್ನಿಸೀತು. ಆದರೆ ಎರಡು ಟಿಕೆಟಿನಲ್ಲಿ ಒಂದೇ ಸಂಖ್ಯೆ ಕಂಡಾಗಲೇ ಚುರುಕು ಓದುಗರು ಊಹಿಸಿರುತ್ತಾರೆ. ಅವರು ಊಹಿಸದ ಒಂದು ಹೆಜ್ಜೆ ಇನ್ನೂ ಬೇಕು. ಅದು ನಾಲ್ಕನೇ ಪುಟದಲ್ಲಿ ಕಂಸದೊಳಗೆ ಅಡಗಿದೆ: ಮೇಲಿನಿಂದ ನಿಮ್ಮ ಚೀಲವನ್ನು ಇಳಿಸಿಕೊಟ್ಟವರು ಅದೇ ಹಿರಿಯರು. ಅಲ್ಲಿಗೆ ಪೂರ್ಣವಿರಾಮ. ಅವರ ಬಾಯಿಗೆ ಚಟಾಕಿಯೊಂದನ್ನು ತುರುಕುವ ಆಸೆಯಾಗಬಹುದು, ಬೇಡ. ನಡೆದ ಸಂಗತಿಯಲ್ಲಿ ಬಿಡುವುದಕ್ಕೆ, ಹಿಗ್ಗಿಸುವುದಕ್ಕೆ, ಕುಗ್ಗಿಸುವುದಕ್ಕೆ ಅವಕಾಶ ಇದೆ, ಸೇರಿಸುವುದಕ್ಕಿಲ್ಲ.

ಒಂದು ವಿಷಯ ಮಾತ್ರ ನಿಮ್ಮನ್ನೇ ಕೇಳಬೇಕು. ಮೊದಲಿಗೆ ಆ ಚೀಲವನ್ನು ಮೇಲಿಟ್ಟವರು ಯಾರು? ಅದೂ ಅವರೇ ಆಗಿದ್ದರೆ, ಭಾಷಣಕ್ಕೆ ಮುಂಚೆ ಒಂದು ಸಣ್ಣ ವಾಕ್ಯದಲ್ಲಿ ಹೇಳಿ, ಒತ್ತು ಕೊಡದೆ ಮುಂದೆ ಹೋಗಿ.

— ಸಂ.