ಪತ್ರಿಕೆ ಲೋಗೋ ಇದ್ದರೆ ಸಾಲದು, ಸುದ್ದಿ ಹುಡುಕಿ

"ಅಡಿಕೆ ಸುಲಿಯುವ ಯಂತ್ರದ ಕಂಪನಿ ವೆಬ್‌ಸೈಟಲ್ಲಿ ದೊಡ್ಡ ಪತ್ರಿಕೆಗಳ ಲೋಗೋ, 'ಪ್ರಶಸ್ತಿ ವಿಜೇತ' ಅಂತೆಲ್ಲ ಇದೆ. ಮುಂಗಡ ಕೇಳುತ್ತಿದ್ದಾರೆ. ನಂಬಬಹುದಾ? ನಾನು ತೀರ್ಥಹಳ್ಳಿ ಕಡೆಯವನು."

ಮೊದಲು ಲೋಗೋ ಮೇಲೆ ಒತ್ತಿ ನೋಡಿ. ಸುದ್ದಿಯ ಪುಟ ತೆರೆಯದಿದ್ದರೆ ಅದು ಬರೀ ಚಿತ್ರ. ಆಗ ಗೂಗಲ್‌ನಲ್ಲಿ ಆ ಪತ್ರಿಕೆಯೊಳಗೇ ಹುಡುಕಿ. ಉದಾಹರಣೆಗೆ ದಿ ಹಿಂದೂ ಲೋಗೋ ಇದ್ದರೆ:

```
site:thehindu.com "ಕಂಪನಿ ಹೆಸರು"
```

ಹೆಸರನ್ನು ಅವರ ಸೈಟಿನಲ್ಲಿ ಇರುವ ಹಾಗೇ ಹಾಕಿ. ಏನೂ ಸಿಗದಿದ್ದರೆ ಸುಳ್ಳು ಅಂತ ಆಗಲೇ ತೀರ್ಮಾನಿಸಬೇಡಿ, ಮುದ್ರಣದಲ್ಲಿ ಮಾತ್ರ ಬಂದಿರಬಹುದು. ಯಾವ ತಾರೀಕು, ಯಾವ ಪುಟ ಅಂತ ಕಂಪನಿಯನ್ನೇ ಕೇಳಿ. ನಿಜವಾಗಿ ಬಂದಿದ್ದರೆ ಖುಷಿಯಿಂದ ಕಳಿಸುತ್ತಾರೆ.

ಸುದ್ದಿ ಸಿಕ್ಕಿದರೆ ಕೊನೆಯ ಸಾಲಿನವರೆಗೂ ಓದಿ, ಜನ ಎಡವೋದು ಇಲ್ಲೇ. ವರದಿಗಾರರ ಹೆಸರಿಲ್ಲದೆ 'ಬ್ರ್ಯಾಂಡ್ ಡೆಸ್ಕ್', 'ಅಡ್ವರ್ಟೋರಿಯಲ್' ಅಂತಿದ್ದರೆ, ಅಥವಾ ಕೆಳಗೆ 'ಈ ಬರಹಕ್ಕೆ ಸಂಪಾದಕೀಯ ಹೊಣೆ ಇಲ್ಲ' ಅಂತಿದ್ದರೆ, ಅದು ಕಂಪನಿ ದುಡ್ಡು ಕೊಟ್ಟು ಹಾಕಿಸಿದ ಪ್ರಕಟಣೆ. ಒಂದೇ ಬರಹ ಹತ್ತಾರು ಸೈಟಿನಲ್ಲಿ ಅಕ್ಷರವೂ ಬದಲಾಗದೆ ಇದ್ದರೂ ಹಾಗೇ ಇರಬಹುದು.

ಪ್ರಶಸ್ತಿಗೆ ಕೊಟ್ಟವರ ಹೆಸರು, ವರ್ಷ, ವಿಭಾಗ ಮೂರೂ ಬೇಕು. ಕೊಟ್ಟವರ ಸೈಟಿನಲ್ಲೇ ವಿಜೇತರ ಪಟ್ಟಿ ನೋಡಿ. ಅಲ್ಲೇ ಪ್ರವೇಶ ಶುಲ್ಕ, ಟ್ರೋಫಿ ಪ್ಯಾಕೇಜ್ ದರ ಇದ್ದು, ತೀರ್ಪುಗಾರರು ಯಾರು ಅಂತ ಇಲ್ಲದಿದ್ದರೆ ಆ ಪ್ರಶಸ್ತಿಗೆ ಬೆಲೆ ಕೊಡಬೇಡಿ.

ಎಲ್ಲಾ ನಿಜವೇ ಅಂದುಕೊಳ್ಳಿ. ಮಳಿಗೆ ಉದ್ಘಾಟನೆಯಂಥ ಸುದ್ದಿಯಿಂದ ಯಂತ್ರ ಹೇಗೆ ಸುಲಿಯುತ್ತೆ ಅಂತ ಗೊತ್ತಾಗಲ್ಲ, ಅಲ್ವಾ? ನಿಮ್ಮ ತೋಟದ ಹಸಿ ಅಡಿಕೆ ಹಾಕಿ ಓಡಿಸಿ ತೋರಿಸಲಿ. ಎಷ್ಟು ಗಾಯವಾಗುತ್ತೆ ನೋಡಿ, ಆಮೇಲೆ ಮುಂಗಡದ ಮಾತು.